ಹನ್ನೊಂದನೇ ನಂಬರಿನ ಬಡ್ಡಿ

ಬಸ್ ಡಿಪೋದ ಸ್ಟೋರ್ ಗುಮಾಸ್ತನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಅದು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಚಲಾವಣೆಯಲ್ಲಿರಲಿಲ್ಲ. ಡಿಪೋದಲ್ಲಿ ಅವನು ಪರ್ಸೆಂಟ್. ವಯಸ್ಸಿಗೆ ಮರ್ಯಾದೆ ಕೊಡುವವರ ಬಾಯಲ್ಲಿ ಪರ್ಸೆಂಟಣ್ಣ. ಯಾರಾದರೂ ಹೊಸ ಮೊಬೈಲನ್ನು ಕಂತಿನ ಮೇಲೆ ತಂದರೆ ಸಾಕು, ಮೂಗಿನ ತುದಿಗೆ ಕನ್ನಡಕ ಇಳಿಸಿ, ಬೋಲ್ಟು ನಟ್ಟಿನ ಇಂಡೆಂಟ್ ಹಾಳೆಯ ಹಿಂಬದಿಯಲ್ಲಿ ಗೀಚಿ, "ನಿನ್ನ ತಲೆ ಬೋಳಿಸಿದಾರೆ ಕಣಯ್ಯ, ವರ್ಷಕ್ಕೆ ನೂರಕ್ಕೆ ಮೂವತ್ತೊಂದು" ಎಂದು ಹೇಳಿ, ಮೊಬೈಲ್ ತಂದವನ ಸಂತೋಷವನ್ನು ಚೂರುಚೂರು ಮಾಡಿ ಕಳಿಸುತ್ತಿದ್ದ. ಲೆಕ್ಕ ಯಾವತ್ತೂ ತಪ್ಪುತ್ತಿರಲಿಲ್ಲ, ಅದೇ ಅವನ ತೊಂದರೆ. ತಪ್ಪಿದ್ದರೆ ಜನ ಎಂದೋ ಅವನ ಬಾಯಿ ಮುಚ್ಚಿಸಿರುತ್ತಿದ್ದರು.

ಡಿಪೋದಲ್ಲಿ ಚೀಟಿ ನಡೆಸುತ್ತಿದ್ದವಳು ಕ್ಯಾಂಟೀನಿನ ಅಮ್ಮ. ಇಪ್ಪತ್ತು ಜನ, ಇಪ್ಪತ್ತು ತಿಂಗಳು, ತಲೆಗೆ ಐದು ಸಾವಿರ. ಒಟ್ಟು ಒಂದು ಲಕ್ಷದ ಚೀಟಿ. ಪ್ರತಿ ತಿಂಗಳು ಹತ್ತನೇ ತಾರೀಖು, ಮೊದಲ ಪಾಳಿ ಮುಗಿದ ಮೇಲೆ, ಟೈರ್ ರೂಮಿನಲ್ಲಿ ಹರಾಜು. ದುಡ್ಡು ತುರ್ತಾಗಿ ಬೇಕಾದವರು ಲಕ್ಷದಲ್ಲಿ ಎಷ್ಟು ಬಿಟ್ಟುಕೊಡುತ್ತೇವೆ ಎಂದು ಕೂಗುತ್ತಾರೆ. ಯಾರು ಹೆಚ್ಚು ಬಿಡುತ್ತಾರೋ ಅವರಿಗೆ ಆ ತಿಂಗಳ ಚೀಟಿ. ಬಿಟ್ಟ ದುಡ್ಡಿನಲ್ಲಿ ಐದು ಸಾವಿರ ಅಮ್ಮನ ಕಮಿಷನ್, ಉಳಿದದ್ದನ್ನು ಇಪ್ಪತ್ತು ಪಾಲು ಮಾಡಿ ಎಲ್ಲರ ಕಂತಿನಲ್ಲೂ ಕಳೆಯುತ್ತಾರೆ. ಒಮ್ಮೆ ಎತ್ತಿದವರು ಮತ್ತೆ ಕೂಗುವಂತಿಲ್ಲ, ಕಂತು ಮಾತ್ರ ಕೊನೆಯವರೆಗೂ ಕಟ್ಟಬೇಕು. ಕೊನೆಗೆ ಉಳಿದವರಿಗೆ ಹರಾಜೇ ಇಲ್ಲ. ಕಮಿಷನ್ ಕಳೆದು ತೊಂಬತ್ತೈದು ಸಾವಿರ ಕೈಗೆ ಬರುತ್ತದೆ.

ಆ ಕೊನೆಯವನು ಪ್ರತಿ ಸಲವೂ ಪರ್ಸೆಂಟೇ. ಆರು ಚೀಟಿ ಕಂಡವನು, ಆರರಲ್ಲೂ ಕೊನೆಯ ತಿಂಗಳೇ ಎತ್ತಿದವನು. "ಚೀಟಿ ಅನ್ನೋದು ಒಂದೇ ಬಾಗಿಲಿಗೆ ಎರಡು ಬೋರ್ಡು ಹಾಕಿದ ಅಂಗಡಿ ಕಣ್ರಯ್ಯ. ಮೊದಲು ಬಂದೋರಿಗೆ ಅದು ಸಾಲದ ಅಂಗಡಿ, ಕೊನೆಗೆ ಬಂದೋರಿಗೆ ಬ್ಯಾಂಕು. ಮೊದಲು ಎತ್ತೋರು ಕಟ್ಟೋ ಬಡ್ಡೀನೇ ಕೊನೇಲಿ ಎತ್ತೋರಿಗೆ ಬರೋ ಬಡ್ಡಿ. ನಡುವೆ ಅಮ್ಮನ ಕಮಿಷನ್" ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದ. ಮಾತೇನೋ ನಿಜವೇ. ಆ ಕಟ್ಟುವವರಿಗೂ ಒಂದು ಮುಖ ಇರುತ್ತದೆ ಎಂಬುದು ಮಾತ್ರ ಆ ಪಾಠದಲ್ಲಿ ಇರಲಿಲ್ಲ.

ಅಷ್ಟೇ ಆಗಿದ್ದರೆ ಯಾರಿಗೂ ತಕರಾರಿರಲಿಲ್ಲ, ದುಡ್ಡು ಬೇಡದವನು ಸುಮ್ಮನೆ ಕುಳಿತು ಟೀ ಕುಡಿದು ಹೋಗಬಹುದು. ಆದರೆ ಇವನಿಗೆ ಇನ್ನೊಂದು ಚಟವಿತ್ತು. ಬೇಡದಿದ್ದರೂ ಕೂಗುತ್ತಿದ್ದ. ಬೇಕಾದವರ ಮುಖ ನೋಡಿ, ಅವರು ಎಲ್ಲಿಯವರೆಗೆ ಬರುತ್ತಾರೆ ಎಂದು ಅಂದಾಜು ಹಾಕಿ, ಐನೂರೋ ಸಾವಿರವೋ ಏರಿಸುತ್ತಾ ಹೋಗಿ, ಇನ್ನೇನು ತನ್ನ ತಲೆಗೇ ಬಂತು ಅನ್ನುವಷ್ಟರಲ್ಲಿ ಕೈಮುಗಿದು ಕುಳಿತುಬಿಡುತ್ತಿದ್ದ. ಏರಿದಷ್ಟೂ ಎಲ್ಲರ ಪಾಲು ಏರುತ್ತಿತ್ತು. ಹಾಗಾಗಿ ಉಳಿದವರೂ "ಹಾಕಣ್ಣ, ಇನ್ನೊಂದು ಹಾಕು" ಎಂದು ಹುರಿದುಂಬಿಸುತ್ತಿದ್ದರು. ಪಾಪ ಅನ್ನುವವರು ಟೈರುಗಳ ಕಡೆ ನೋಡುತ್ತಿದ್ದರು.

ಈ ಚೀಟಿಯ ನಾಲ್ಕನೇ ತಿಂಗಳ ಮಾತು. ಆ ತಿಂಗಳು ಡಿಪೋದಲ್ಲಿ ಬೋನಸ್ ಬಂದಿತ್ತು, ಯಾರಿಗೂ ಅಂಥ ತುರ್ತು ಇರಲಿಲ್ಲ. ಹಿಂದಿನ ಮೂರು ತಿಂಗಳು ಮೂವತ್ತೆರಡು, ಮೂವತ್ತು, ಇಪ್ಪತ್ತೊಂಬತ್ತು ಸಾವಿರಕ್ಕೆ ಹೋಗಿದ್ದ ಚೀಟಿ ಅವತ್ತು ಹದಿನೆಂಟರಲ್ಲೇ ತೆವಳುತ್ತಿತ್ತು. ಪೇಂಟರ್ ಹತ್ತೊಂಬತ್ತು ಅಂದ. ಮಹಿಳಾ ಕಂಡಕ್ಟರ್ ಒಬ್ಬಳು ಎದ್ದು, "ಹನ್ನೊಂದನೇ ನಂಬರಿಗೆ ಇಪ್ಪತ್ತೆರಡು" ಎಂದಳು. ಪೇಂಟರ್ ಸುಮ್ಮನಾದ.

ಕಂಡಕ್ಟರಮ್ಮನ ಹೆಸರಲ್ಲಿ ಎರಡು ನಂಬರಿದ್ದವು. ಒಂದು ಅವಳದು. ಹನ್ನೊಂದು, ಅವಳ ಮನೆಯ ಪಕ್ಕದ ವಠಾರದಲ್ಲಿರುವ ಹೆಂಗಸಿನದು. ಹೊರಗಿನವರಿಗಾಗಿ ಡಿಪೋದವರು ನಂಬರು ಹಿಡಿಯುವುದು ಹೊಸದೇನಲ್ಲ, ಯಾರದು ಎಂದು ಯಾರೂ ಕೇಳುವುದಿಲ್ಲ. ಆ ಹೆಂಗಸು ಬೇರೆ ಯಾರೂ ಅಲ್ಲ, ಪರ್ಸೆಂಟಿನ ಒಡಹುಟ್ಟಿದ ತಂಗಿ. ಅದು ಅವನಿಗೆ ಗೊತ್ತಿರಲಿಲ್ಲ.

ಯಾಕೆ ಗೊತ್ತಿರಲಿಲ್ಲ ಅಂದರೆ, ಅವಳೇ ಮುಚ್ಚಿಟ್ಟಿದ್ದಳು. ತಂಗಿಯ ಗಂಡ ಗಡಿಯಾರ ರಿಪೇರಿ ಮಾಡುವವನು. ಮೂರು ವರ್ಷದ ಹಿಂದೆ ಪೇಟೆಯ ಮೂಲೆಯಲ್ಲಿ ಸ್ವಂತ ಅಂಗಡಿ ಇಡಲು ಅಣ್ಣನ ಹತ್ತಿರ ಕೈಸಾಲ ಕೇಳಿದ್ದಳು. ಇವನು ಕೊಡಲಿಲ್ಲವೆಂದಲ್ಲ, ಕೊಟ್ಟ. ಕೊಡುವ ಮೊದಲು ಭಾವನನ್ನು ಎದುರಿಗೆ ಕೂರಿಸಿಕೊಂಡು, ದಿನಕ್ಕೆ ಎಷ್ಟು ಗಡಿಯಾರ ಬರುತ್ತೆ, ಬಾಡಿಗೆ ಎಷ್ಟು, ಹಾಕಿದ ದುಡ್ಡಿಗೆ ನೂರಕ್ಕೆ ಎಷ್ಟು ಹುಟ್ಟುತ್ತೆ ಎಂದು ಒಂದು ಗಂಟೆ ಗೀಚಿ, "ಬ್ಯಾಂಕಲ್ಲಿಟ್ಟಿದ್ರೆ ಇದಕ್ಕಿಂತ ಜಾಸ್ತಿ ಬರ್ತಿತ್ತು ಭಾವ" ಎಂದು ನಕ್ಕ. ಭಾವನೂ ನಕ್ಕ. ಮನೆಗೆ ಹೋದ ಮೇಲೆ ಹೆಂಡತಿಗೆ ಹೇಳಿದ: "ಆ ಮನುಷ್ಯನ ಮುಂದೆ ಇನ್ನೊಂದು ಸಲ ಕೈ ಚಾಚೋ ಹಾಗೆ ಮಾಡಬೇಡ. ನನ್ನಾಣೆ." ಒಂದು ವರ್ಷದಲ್ಲಿ ಸಾಲ ತೀರಿಸಿದ.

ಚೀಟಿಗೆ ಸೇರುವಾಗ ತಂಗಿ ಕಂಡಕ್ಟರಮ್ಮನ ಕೈಹಿಡಿದು ಆಣೆ ಮಾಡಿಸಿಕೊಂಡಿದ್ದಳು: "ಅಕ್ಕ, ಅಣ್ಣನ ಕಿವಿಗೆ ಬೀಳಬಾರದು. ಬಿದ್ರೆ ನಾನು ಯಾವ ತಿಂಗಳು ಎತ್ತಬೇಕು ಅಂತ ಅವನೇ ಹೇಳಕ್ಕೆ ಬರ್ತಾನೆ."

ಈಗ ನಾಲ್ಕನೇ ತಿಂಗಳ ಹತ್ತನೇ ತಾರೀಖಿಗೆ ಮೂರು ದಿನ ಮೊದಲು, ಭಾವ ಅಂಗಡಿಯಲ್ಲಿ ಕುಳಿತು ಒಂದು ಹೆಣ್ಣುಮಗಳ ಕೈಗಡಿಯಾರಕ್ಕೆ ಮುಳ್ಳು ಕೂರಿಸುವಾಗ ಬಲಗಣ್ಣಿನಲ್ಲಿ ಕಪ್ಪು ಚುಕ್ಕೆಗಳು ತೇಲಿದವು. ಸಂಜೆಯ ಹೊತ್ತಿಗೆ ಕಣ್ಣಿನ ಒಂದು ಮೂಲೆಯಿಂದ ಪರದೆ ಇಳಿಯತೊಡಗಿತು. ಅವನ ಎಡಗಣ್ಣು ಚಿಕ್ಕಂದಿನಿಂದಲೇ ಮಂದ. ಭೂತಗನ್ನಡಿ ಸಿಕ್ಕಿಸಿಕೊಂಡು ಹೊಟ್ಟೆ ಹೊರೆಯುತ್ತಿದ್ದದ್ದು ಆ ಬಲಗಣ್ಣೊಂದೇ. ಕಣ್ಣಾಸ್ಪತ್ರೆಯ ಡಾಕ್ಟರು ನೋಡಿ, ಒಳಗಿನ ಪರೆ ಕಳಚಿಕೊಳ್ಳುತ್ತಿದೆ, ನಡುಭಾಗ ಇನ್ನೂ ಅಂಟಿಕೊಂಡಿದೆ, ಅದು ಬಿಡುವ ಮುಂಚೆ ಆಪರೇಷನ್ ಆದರೆ ದೃಷ್ಟಿ ಉಳಿಯುತ್ತದೆ, ಎರಡು ಮೂರು ದಿನ ಮೀರಬಾರದು ಎಂದರು. ಎಪ್ಪತ್ತೈದು ಸಾವಿರ ಮುಂಗಡ ಕಟ್ಟಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿದರೆ ಮುಂದಿನ ತಿಂಗಳ ಸರದಿ ಕೊಟ್ಟರು.

ಹಾಗಾಗಿ ತಂಗಿ ಕಂಡಕ್ಟರಮ್ಮನಿಗೆ ಹೇಳಿ ಕಳಿಸಿದ್ದು ಇಷ್ಟೇ: ಕೈಗೆ ಎಪ್ಪತ್ತೈದು ಬರಬೇಕು, ಇಪ್ಪತ್ತೈದರ ತನಕ ಬಿಡಬಹುದು.

ಟೈರ್ ರೂಮಿನಲ್ಲಿ ಕ್ಯಾಂಟೀನಿನ ಅಮ್ಮ ಇಪ್ಪತ್ತೆರಡಕ್ಕೆ ಒಂದು ಸಲ ಅಂದಳು, ಎರಡು ಸಲ ಅಂದಳು. ಪರ್ಸೆಂಟಿಗೆ ತಡೆಯಲಾಗಲಿಲ್ಲ.

"ಇದೇನು ಹರಾಜೋ, ಹಂಚಿಕೆಯೋ? ಇಪ್ಪತ್ಮೂರು."

ಕಂಡಕ್ಟರಮ್ಮ ಅವನ ಕಡೆ ತಿರುಗಿದಳು. "ಇಪ್ಪತ್ನಾಲ್ಕು."

"ಇಪ್ಪತ್ನಾಲ್ಕೂವರೆ."

"ಇಪ್ಪತ್ತೈದು" ಎಂದವಳು ಅಲ್ಲಿಗೆ ನಿಂತಳು. ಕೈಯಲ್ಲಿದ್ದ ಮೊಬೈಲನ್ನು ನೋಡಿದಳು. ಅಷ್ಟು ಸಾಕಾಯಿತು ಇವನಿಗೆ. ಕೊಟ್ಟ ಮಿತಿ ಮುಗಿದಿದೆ, ಆದರೆ ಗರಜು ಮುಗಿದಿಲ್ಲ ಎಂದು ಆ ನೋಟದಲ್ಲೇ ಓದಿಕೊಂಡ. ಇಷ್ಟು ವರ್ಷ ಜನರ ಮುಖ ನೋಡಿದ್ದು ಸುಮ್ಮನೆಯೇ?

"ಇಪ್ಪತ್ತಾರು."

"ಸಾಕು ಬಿಡ್ರೀ ಅಣ್ಣ" ಎಂದಳು ಕಂಡಕ್ಟರಮ್ಮ. ದನಿ ಸಣ್ಣದಾಗಿತ್ತು. "ಪಾಪ, ಅವರಿಗೆ ಅರ್ಜೆಂಟಿದೆ. ನಿಮಗೇನು ಈಗ ಬೇಕಾಗಿಲ್ಲವಲ್ಲ."

"ಅರ್ಜೆಂಟಿರೋರಿಗೇ ತಾನೇ ತಾಯಿ ಚೀಟಿ ಇರೋದು? ಬೇಕಾದ್ರೆ ಕೂಗಲಿ. ನಾನೇನು ಬಾಯಿಗೆ ಬಟ್ಟೆ ತುರುಕಿದೀನಾ?" ಎಂದ. ಎಲ್ಲರೂ ನಕ್ಕರು.

ಅವಳು ಕಿಟಕಿಯ ಹತ್ತಿರ ಹೋಗಿ ಫೋನ್ ಮಾಡಿದಳು. ಆ ಕಡೆ ಆಸ್ಪತ್ರೆಯ ಮೊಗಸಾಲೆಯಲ್ಲಿ ತಂಗಿ ಗೋಡೆಗೊರಗಿ ನಿಂತಿದ್ದಳು. "ಯಾರೋ ಏರಿಸ್ತಿದಾರೆ ಕಣೇ. ಏನು ಮಾಡಲಿ?" ಎಂದು ಕೇಳಿದ್ದಕ್ಕೆ, "ಎಷ್ಟಾದರೂ ಆಗಲಿ ಅಕ್ಕ, ಇವತ್ತು ಬಿಡಬೇಡಿ. ಕಮ್ಮಿ ಬಿದ್ದದ್ದನ್ನ ಹೇಗೋ ಹೊಂದಿಸ್ತೀನಿ" ಎಂದಳು. ಯಾರು ಏರಿಸುತ್ತಿರುವುದು ಎಂದು ಅವಳು ಕೇಳಲಿಲ್ಲ, ಇವಳು ಹೇಳಲಿಲ್ಲ. ಇದು ನಿಮ್ಮ ತಂಗಿಯ ನಂಬರು ಎಂದು ಅವನಿಗೆ ಹೇಳೋಣವೆಂದರೆ ಆಣೆ ಇತ್ತಲ್ಲ. ಹಾಳು ಆಣೆ!

ಆಮೇಲೆ ಇಪ್ಪತ್ತೇಳು, ಇಪ್ಪತ್ತೆಂಟು, ಮೂವತ್ತು, ಮೂವತ್ತೈದು ಎಂದು ಮೆಟ್ಟಿಲು ಹತ್ತಿದ ಹಾಗೆ ಹತ್ತಿತು. ನಾಲ್ಕನೇ ತಿಂಗಳಿಗೆ ಅಷ್ಟು ಎತ್ತರ ಡಿಪೋದಲ್ಲಿ ಯಾರೂ ಕಂಡಿರಲಿಲ್ಲ. ಪರ್ಸೆಂಟ್ "ಮೂವತ್ತೈದೂವರೆ" ಎಂದಾಗ ಅವನಿಗೂ ಸ್ವಲ್ಪ ದಿಗಿಲಾಯಿತು, ತನ್ನ ತಲೆಗೇ ಕಟ್ಟಿಬಿಟ್ಟರೆ ಎಂದು. ಕಂಡಕ್ಟರಮ್ಮ ಕಣ್ಣೊರೆಸಿಕೊಂಡು "ಮೂವತ್ತಾರು" ಅಂದಳು. ಇವನು ಎರಡೂ ಕೈ ಜೋಡಿಸಿ, "ನಿಮ್ಮದೇ ತಾಯಿ, ಚೆನ್ನಾಗಿರಿ" ಎಂದು ಕುಳಿತ. ಮೂವತ್ತಾರರಲ್ಲಿ ಕಮಿಷನ್ ಐದು ಹೋಗಿ ಮೂವತ್ತೊಂದು, ಇಪ್ಪತ್ತು ಪಾಲಿಗೆ ತಲಾ ಸಾವಿರದ ಐನೂರೈವತ್ತು. ಪೇಂಟರ್ ಎಲ್ಲರಿಗೂ ಟೀ ಹೇಳಿದ. ಆ ತಿಂಗಳು ಕಂತು ಬರೀ ಮೂರು ಸಾವಿರದ ನಾನೂರೈವತ್ತು.

ಹನ್ನೊಂದನೇ ನಂಬರಿಗೆ ಮರುದಿನ ಸಿಕ್ಕಿದ್ದು ಅರವತ್ನಾಲ್ಕು ಸಾವಿರ. ಹನ್ನೊಂದು ಸಾವಿರ ಕಮ್ಮಿ ಬಿತ್ತು.

ಹನ್ನೊಂದು ಸಾವಿರ ಏನು ಮಹಾ ಅನ್ನಬಹುದು. ಎಲ್ಲವನ್ನೂ ಆಗಲೇ ಅಂಗಡಿಗೆ ಸುರಿದು ಕುಳಿತವರಿಗೆ ಅದು ಬೆಟ್ಟ. ಬಳೆ ಯಾವಾಗಲೋ ಅಡವಿನ ಅಂಗಡಿ ಸೇರಿದ್ದವು. ತಂಗಿ ಹೊಲಿಗೆ ಯಂತ್ರ ಮಾರಲು ಹೊರಟರೆ ಮೂರು ಸಾವಿರದ ಮೇಲೆ ಯಾರೂ ಕೇಳಲಿಲ್ಲ, ಅಷ್ಟಕ್ಕೇ ಕೊಟ್ಟಳು. ಕಂಡಕ್ಟರಮ್ಮ ತನ್ನಲ್ಲಿದ್ದ ಎರಡು ಸಾವಿರ ತಂದಿಟ್ಟಳು. ಅಂಗಡಿಯ ಮಾಲೀಕನ ಕಾಲು ಹಿಡಿದು ಮುಂಗಡದಲ್ಲಿ ಆರು ಸಾವಿರ ವಾಪಸು ಪಡೆದರು. ಅಣ್ಣನಿಗೆ ಫೋನ್ ಮಾಡಲೆಂದು ಅವಳು ಎರಡು ಸಲ ನಂಬರ್ ಒತ್ತಿ ಎರಡು ಸಲವೂ ಕತ್ತರಿಸಿದಳು. ಮಂಚದ ಮೇಲೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ಗಂಡ ಕೇಳಿಸಿಕೊಳ್ಳುತ್ತಿದ್ದ. ಎಲ್ಲ ಸೇರುವ ಹೊತ್ತಿಗೆ ಒಂಬತ್ತು ದಿನ ಕಳೆದಿತ್ತು. ಆಪರೇಷನ್ ಆಯಿತು. ಡಾಕ್ಟರು ಪಟ್ಟಿ ಬಿಚ್ಚಿ, ಬೆಳಕು ನೆರಳು ಗೊತ್ತಾಗುತ್ತೆ, ಸಣ್ಣ ಕೆಲಸ ಆಗಲ್ಲ, ನಡುಭಾಗ ಬಿಟ್ಟು ಬಹಳ ದಿನ ಆಗಿತ್ತು, ವಾರದ ಹಿಂದೆ ಬಂದಿದ್ದರೆ ಎಂದು ಹೇಳಿ ಮಾತು ನಿಲ್ಲಿಸಿದರು.

ಪರ್ಸೆಂಟಿಗೆ ಸುದ್ದಿ ತಿಳಿದದ್ದು ಆಮೇಲೆ. ಓಡೋಡಿ ಬಂದ. ತಂಗಿಯ ಮೇಲೆ ರೇಗಿದ. "ಒಂಬತ್ತು ದಿನ ಕಾಯ್ತಾ ಕೂತಿದ್ರಾ? ದುಡ್ಡಿಲ್ಲ ಅಂದ್ರೆ ನಾನೇನು ಸತ್ತು ಹೋಗಿದ್ನಾ? ಒಂದು ಫೋನ್ ಮಾಡಕ್ಕಾಗಲಿಲ್ವಾ ನಿನಗೆ?" ಅವನ ಕಣ್ಣಲ್ಲಿ ನಿಜವಾದ ನೀರಿತ್ತು, ಅದನ್ನು ಸುಳ್ಳು ಅನ್ನುವ ಹಾಗಿಲ್ಲ. ಎರಡು ಸಾವಿರ ದಿಂಬಿನ ಕೆಳಗಿಟ್ಟು ಹೋದ.

ಮತ್ತೆ ಹದಿನಾರು ತಿಂಗಳು. ಗಡಿಯಾರದ ಅಂಗಡಿ ಬಾಗಿಲು ಮುಚ್ಚಿತು. ಭಾವ ಒಂದು ಬಟ್ಟೆ ಅಂಗಡಿಯ ಬಾಗಿಲಲ್ಲಿ ಬಂದವರ ಚೀಲ ಇಸಿದುಕೊಂಡು ಬಿಲ್ಲೆ ಕೊಡುವ ಕೆಲಸಕ್ಕೆ ಸೇರಿದ. ಬಿಲ್ಲೆಯ ನಂಬರು ಓದಲಾಗದೆ ಬೆರಳಿನಿಂದ ಸವರಿ ಗುರುತಿಸುತ್ತಿದ್ದ. ತಂಗಿ ಬಾಡಿಗೆಗೆ ಒಂದು ಯಂತ್ರ ತಂದು ಹಗಲೆಲ್ಲ ಹೊಲಿದು, ತಿಂಗಳು ತಪ್ಪದೆ ಹನ್ನೊಂದನೇ ನಂಬರಿನ ಕಂತು ಕಟ್ಟಿದಳು. ಚೀಟಿಯ ಕೂಗು ಇಪ್ಪತ್ತೇಳು, ಇಪ್ಪತ್ತಾರು ಎಂದು ಇಳಿಯುತ್ತಾ ಹೋದಂತೆ ಕಂತು ಏರುತ್ತಾ ಹೋಯಿತು. ಕೊನೆಯ ತಿಂಗಳು ಇಡೀ ಐದು ಸಾವಿರ.

ಇಪ್ಪತ್ತನೇ ತಿಂಗಳು ಕ್ಯಾಂಟೀನಿನ ಅಮ್ಮ ಪರ್ಸೆಂಟಿನ ಕೈಗೆ ತೊಂಬತ್ತೈದು ಸಾವಿರ ಎಣಿಸಿಟ್ಟಳು. ಅವನು ಕಟ್ಟಿದ್ದು ಎಂಬತ್ತೈದು ಸಾವಿರದ ನೂರೈವತ್ತು. ಬಂದ ಲಾಭ ಒಂಬತ್ತು ಸಾವಿರದ ಎಂಟುನೂರೈವತ್ತು. ಒಂದು ಹದಿನೈದು ಸಾವಿರ ತಂಗಿಗೆ ಕೊಟ್ಟರೆ ಏನಾಗುತ್ತೆ ಅನ್ನಿಸಿತು ಅವನಿಗೆ. ಮನುಷ್ಯ ಕೆಟ್ಟವನಲ್ಲ ಸ್ವಾಮಿ, ಅದೇ ಕಷ್ಟ. ಭಾನುವಾರ ಮಧ್ಯಾಹ್ನ, ಕಟ್ಟನ್ನು ಒಡೆಯದೆ ಹಾಗೇ ಜೇಬಿಗಿಳಿಸಿ ಹೊರಟ.

ತಂಗಿ ಬಾಗಿಲಲ್ಲೇ ಹೊಲಿಯುತ್ತಾ ಕುಳಿತಿದ್ದಳು. ಭಾವ ಒಳಕೋಣೆಯಲ್ಲಿ ರೇಡಿಯೋ ಹಾಕಿಕೊಂಡಿದ್ದ. ಅಣ್ಣನನ್ನು ಕಂಡು ಅವಳು ಯಂತ್ರ ನಿಲ್ಲಿಸಿ, ಸ್ಟೂಲಿನ ಮೇಲಿದ್ದ ಬಟ್ಟೆಯ ರಾಶಿ ತೆಗೆದು ಜಾಗ ಮಾಡಿದಳು. ಆ ಮಾತು ಈ ಮಾತು ಆದ ಮೇಲೆ ಒಳಗೆ ಹೋಗಿ ಒಂದು ಹಳದಿ ಕಾರ್ಡು ತಂದಳು.

"ಅಣ್ಣ, ಬೈಯಲ್ಲ ಅಂದ್ರೆ ಒಂದು ಕೇಳ್ತೀನಿ."

"ನಾನು ಯಾವಾಗ ಬೈದೆ ನಿನಗೆ?"

"ನಾನೂ ಒಂದು ಚೀಟಿ ಹಾಕಿದ್ದೆ. ಮುಗೀತು. ನಿನಗೆ ಹೇಳಿರಲಿಲ್ಲ. ನಾಲ್ಕನೇ ತಿಂಗಳು ಇವರ ಆಪರೇಷನ್‌ಗೆ ಎತ್ತಿದ್ದು ಅದೇ ದುಡ್ಡು. ಒಟ್ಟು ಎಂಬತ್ತೈದು ಸಾವಿರದ ಚಿಲ್ಲರೆ ಕಟ್ಟಿದೀನಿ, ಕೈಗೆ ಬಂದಿದ್ದು ಅರವತ್ನಾಲ್ಕು. ಪಕ್ಕದ ಮನೆ ಅಕ್ಕ ಲೆಕ್ಕ ಹಾಕಿದ್ಲು. ಹೋಗಿದ್ದು ಇಪ್ಪತ್ತೊಂದು ಸಾವಿರ, ಅದನ್ನ ಅರವತ್ನಾಲ್ಕಕ್ಕೆ ಹಾಕಿ, ಇಪ್ಪತ್ತು ತಿಂಗಳಿಗೆ ಭಾಗಿಸಿದ್ರೆ ತಿಂಗಳಿಗೆ ನೂರಕ್ಕೆ ಒಂದೂವರೆಗಿಂತ ಸ್ವಲ್ಪ ಜಾಸ್ತಿ. ಅಷ್ಟೇನೂ ಮೋಸ ಹೋಗಿಲ್ಲ ಅಂದ್ಲು. ಹೌದಾ? ಇವರು ಮಾತ್ರ ದಿನಾ ಕೊರಗ್ತಾರೆ, ನನ್ನಿಂದ ನಿನಗೆ ಸಾಲದ ಹೊರೆ ಆಯ್ತು ಅಂತ. ನೀನು ಒಂದು ಸಲ ಹೇಳಿದ್ರೆ ಸಮಾಧಾನ ಆಗುತ್ತೆ."

"ಎಲ್ಲಾದರೂ ಉಂಟಾ!" ಬಾಯಿ ಅಭ್ಯಾಸದಿಂದ ತಾನೇ ಹೊರಟಿತು. "ಎಲ್ಲರೂ ಮಾಡೋ ತಪ್ಪೇ ಅದು. ನೀನು ಅರವತ್ನಾಲ್ಕು ಸಾವಿರಾನ ಇಪ್ಪತ್ತು ತಿಂಗಳು ಇಟ್ಕೊಂಡಿದ್ಯಾ? ಮೂರು ಕಂತು ಮೊದಲೇ ನೀನೇ ಕಟ್ಟಿದ್ದೆ. ನಾಲ್ಕನೇದನ್ನ ಅವತ್ತೇ ಕಟ್ಟಿದೆ. ಅಂದ್ರೆ ಸಾಲ ಅಂತ ಸಿಕ್ಕಿದ್ದು ಐವತ್ತು ಸಾವಿರಾನೂ ಇಲ್ಲ. ಅದನ್ನೂ ಮುಂದಿನ ತಿಂಗಳಿಂದಲೇ ವಾಪಸು ಕಟ್ತಾ ಬಂದೆ. ಲೆಕ್ಕ ಹಾಗಲ್ಲ, ತಾ ಇಲ್ಲಿ ಕಾರ್ಡು."

ಕನ್ನಡಕ ಇಳಿಸಿದ. ಕಾರ್ಡಿನ ಮೇಲೆ ಕ್ಯಾಂಟೀನಿನ ಅಮ್ಮನ ಗುಂಡು ಅಕ್ಷರ. ನಂಬರು ಹನ್ನೊಂದು. ನಾಲ್ಕನೇ ಸಾಲಿನಲ್ಲಿ ಕೆಂಪು ಶಾಯಿ: ಬಿಟ್ಟದ್ದು ಮೂವತ್ತಾರು ಸಾವಿರ.

ಒಳಗೆ ರೇಡಿಯೋದಲ್ಲಿ ಯಾರೋ ಹವಾಮಾನ ಓದುತ್ತಿದ್ದರು. ಅವನಿಗೆ ಒಂದೂ ಕೇಳಿಸಲಿಲ್ಲ. ಟೈರ್ ರೂಮು, ಕಂಡಕ್ಟರಮ್ಮನ ಕೈಯ ಮೊಬೈಲು, "ಅವರಿಗೆ ಅರ್ಜೆಂಟಿದೆ" ಎಂಬ ದನಿ, ತಾನು ಆಡಿದ ಮಾತಿಗೆ ಎಲ್ಲರೂ ನಕ್ಕದ್ದು, ಎಲ್ಲ ಒಟ್ಟಿಗೆ ಬಂದು ಮುಖಕ್ಕೆ ಹೊಡೆದವು.

"ಯಾಕಣ್ಣ, ಅಕ್ಷರ ಕಾಣ್ತಿಲ್ವಾ?"

"ಕಾಣ್ತಿದೆ."

"ಹಾಗಾದ್ರೆ ಹಾಕು." ಹೊಲಿಗೆಯ ಅಳತೆ ಬರೆಯುವ ಪುಸ್ತಕ ಮತ್ತು ಪೆನ್ಸಿಲ್ ಕೊಟ್ಟಳು.

ಅವನು ಹಾಕಿದ. ಬೇರೇನು ಮಾಡಬೇಕೋ ಗೊತ್ತಾಗಲಿಲ್ಲ, ಲೆಕ್ಕ ಮಾಡುವುದಷ್ಟೇ ಗೊತ್ತಿತ್ತು. ಒಂದು ಬಡ್ಡಿಯನ್ನು ಅಂದಾಜಿಗೆ ಹಿಡಿಯಬೇಕು. ತಿಂಗಳು ತಿಂಗಳು ಸಾಲಕ್ಕೆ ಅದನ್ನು ಸೇರಿಸಿ ಕಂತು ಕಳೆಯುತ್ತಾ ಹೋಗಬೇಕು. ಇಪ್ಪತ್ತನೇ ತಿಂಗಳಿಗೆ ಸೊನ್ನೆ ಬಂದರೆ ಅದೇ ನಿಜವಾದ ಬಡ್ಡಿ. ಮೊದಲು ಕಟ್ಟಿದ ಮೂರು ಕಂತಿಗೂ ಅದೇ ಬಡ್ಡಿ ಕೊಟ್ಟು ಸಾಲದಿಂದ ಕಳೆದ. ನೂರಕ್ಕೆ ನಾಲ್ಕು ಹಿಡಿದು ನೋಡಿದ. ಕೊನೆಗೆ ಅವಳೇ ನಾಲ್ಕು ಸಾವಿರ ಹೆಚ್ಚು ಕಟ್ಟಿದ ಹಾಗೆ ಬಂತು. ಐದು ಹಿಡಿದ, ಸಾಲ ಇನ್ನೂ ಉಳಿಯಿತು. ನಾಲ್ಕು ಪಾಯಿಂಟ್ ಆರಕ್ಕೆ ನೂರಿನ್ನೂರರ ಒಳಗೆ ಬಂದು ನಿಂತಿತು.

ಒಂದೂವರೆ ಚಿಲ್ಲರೆ ಸರಿ ಕಣೇ ಎಂದುಬಿಟ್ಟಿದ್ದರೆ ಆಗುತ್ತಿತ್ತು. ಭಾವನಿಗೂ ಅಷ್ಟು ಸಾಕಾಗಿತ್ತು. ಆದರೆ ಜನ್ಮದಲ್ಲಿ ಒಂದು ಲೆಕ್ಕವನ್ನೂ ತಪ್ಪು ಹೇಳದ ಬಾಯಿ ಅದು.

"ತಿಂಗಳಿಗೆ ನೂರಕ್ಕೆ ನಾಲ್ಕೂವರೆಗೂ ಮೇಲೆ" ಎಂದ.

ತಂಗಿ ಬೆರಳು ಮಡಚಿ ಎಣಿಸಿದಳು. "ಅಂದ್ರೆ ವರ್ಷಕ್ಕೆ ಐವತ್ತೈದು? ಬಡ್ಡಿ ಅಂಗಡಿಯವನೂ ಅಷ್ಟು ಕೇಳಲ್ವಲ್ಲಣ್ಣ!" ಕಾರ್ಡಿನ ಕೊನೆಯ ಸಾಲಿಗೆ ಬೆರಳಿಟ್ಟು, "ಕೊನೇಲಿ ಎತ್ತಿದವರಿಗೆ?" ಎಂದಳು.

"ಒಂದೂ ಕಾಲಿನ ಹತ್ತಿರ. ಕಟ್ಟಿದ ದುಡ್ಡು ಸರಾಸರಿ ಒಂಬತ್ತು ತಿಂಗಳು ಒಳಗಿರುತ್ತೆ. ಅದಕ್ಕೆ ಬಂದದ್ದು."

"ಅವತ್ತು ಇಪ್ಪತ್ತೆರಡಕ್ಕೇ ಬಿಟ್ಟಿದ್ರು ಅಂತ ಇಟ್ಕೋ. ಅಕ್ಕ ಅಷ್ಟಕ್ಕೆ ಕೂಗಿದ್ಲಂತೆ, ಎರಡು ಸಲ ಅಂತಲೂ ಆಗಿತ್ತಂತೆ. ಆಗ ನನಗೆಷ್ಟು ಬೀಳ್ತಿತ್ತು?"

ಅವನು ಮತ್ತೆ ಹಾಕಿದ. ಉಳಿದ ತಿಂಗಳೆಲ್ಲ ಹಾಗೇ ಇಟ್ಟು, ಎಪ್ಪತ್ತೆಂಟು ಸಾವಿರ ಕೈಗೆ ಬಂದ ಹಾಗೆ. "ಒಂದೂವರೆ ಒಳಗೇ."

"ಎಪ್ಪತ್ತೆಂಟು ಬಂದಿದ್ರೆ ಮಾರನೇ ದಿನಾನೇ ಕಟ್ಟಿಬಿಡ್ತಿದ್ದೆ" ಎಂದಳು ತಂಗಿ. ದೂರುವ ದನಿಯಲ್ಲ, ಸುಮ್ಮನೆ ಹೇಳಿದಳು. "ಯಾರೋ ಬೇಕು ಅಂತಲೇ ಏರಿಸಿದ್ರಂತೆ ಅಣ್ಣ. ಅವರಿಗೆ ಚೀಟಿ ಬೇಕಾಗಿರಲಿಲ್ವಂತೆ. ಯಾರು ಅಂತ ಅಕ್ಕ ಇವತ್ತಿಗೂ ಬಾಯಿ ಬಿಟ್ಟಿಲ್ಲ. ನಾನೂ ಕೇಳಿಲ್ಲ. ಗೊತ್ತಾದ್ರೆ ಅವರಿಗೆ ಶಾಪ ಹಾಕಿಬಿಡ್ತೀನಿ ಅಂತ ಭಯ. ಅವರಿಗೂ ಮಕ್ಕಳುಮರಿ ಇರ್ತಾರಲ್ಲ. ಒಂದು ಮಾತ್ರ ತಲೇಲಿ ಕೊರೀತಿರುತ್ತೆ. ಹಾಗೆ ಏರಿಸಿದ್ರಲ್ಲ, ಅವರಿಗೆ ಅದರಿಂದ ಎಷ್ಟು ಬಂತು? ಅಷ್ಟು ಲೆಕ್ಕ ಹಾಕಿಕೊಡು."

ಅದಕ್ಕೆ ಪೆನ್ಸಿಲ್ ಬೇಕಿರಲಿಲ್ಲ. ಇಪ್ಪತ್ತೆರಡರಿಂದ ಮೂವತ್ತಾರಕ್ಕೆ ಏರಿದ್ದು ಹದಿನಾಲ್ಕು ಸಾವಿರ. ಇಪ್ಪತ್ತು ಪಾಲು.

"ಏಳುನೂರು" ಎಂದ.

"ಏಳು ಸಾವಿರಾನಾ?"

"ಏಳುನೂರು ಕಣೇ. ಏಳುನೂರು ರೂಪಾಯಿ."

ತಂಗಿ ಅವನ ಮುಖವನ್ನೇ ನೋಡಿದಳು.

"ಅಷ್ಟೇನಾ? ಅಯ್ಯೋ, ಅಷ್ಟಕ್ಕಾ ಅಣ್ಣ? ಬಂದು ಕೇಳಿದ್ದಿದ್ರೆ ನಾನೇ ಕೊಟ್ಟುಬಿಡ್ತಿದ್ನಲ್ಲ. ಇವರ ಒಂದು ಗಡಿಯಾರದ ದುಡ್ಡು."

ಸೆರಗಿನಿಂದ ಕಣ್ಣೊತ್ತಿಕೊಂಡಳು. ಇಷ್ಟು ತಿಂಗಳು ಅಳದೆ ಕಂತು ಕಟ್ಟಿದವಳು ಏಳುನೂರು ಅನ್ನುವ ಮಾತಿಗೆ ಬಿಕ್ಕಿಬಿಕ್ಕಿ ಅತ್ತಳು. ಅವನಿಗೆ ನೋಡಲಾಗಲಿಲ್ಲ. ಈಗ ಎದ್ದು ಹೋದರೆ ಯಾರಿಗೂ ಏನೂ ತಿಳಿಯುವುದಿಲ್ಲ, ಕಂಡಕ್ಟರಮ್ಮ ಬಾಯಿ ಬಿಡುವವಳಲ್ಲ ಎಂದೂ ಮನಸ್ಸು ಹೇಳಿತು. ಹೇಳಿದರೆ ಈ ಮನೆಯ ಬಾಗಿಲು ತನಗೆ ಮುಚ್ಚಿದ ಹಾಗೆ. ಅವನಿಗೆ ಇದ್ದದ್ದು ಈ ತಂಗಿ ಒಬ್ಬಳೇ.

"ನಾನೇ ಕಣೇ" ಎಂದ.

"ಏನು ನೀನೇ?"

"ಏರಿಸಿದ್ದು."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅಳು ನಿಂತಿತು. ಕೂಗಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ದೇವರಾಣೆ, ನಿನ್ನದು ಅಂತ ಗೊತ್ತಿರಲಿಲ್ಲ ಪುಟ್ಟಿ. ಗೊತ್ತಿದ್ರೆ ಬಾಯಿ ಬಿಡ್ತಿದ್ನಾ ನಾನು? ನನ್ನ ಕಂತಿನ ದುಡ್ಡನ್ನೂ ತಂದು ಹಾಕ್ತಿರಲಿಲ್ವಾ?"

"ಬೇರೆಯವರದಾಗಿದ್ರೆ?" ಎಂದಳು ತಂಗಿ. "ಅವರ ಮನೇಲೂ ಯಾರಾದ್ರೂ ಹೀಗೇ ಮಲಗಿರ್ತಿದ್ರಲ್ಲ ಅಣ್ಣ."

ಅವನು ಜೇಬಿನಿಂದ ದುಡ್ಡಿನ ಕಟ್ಟು ತೆಗೆದ. ಕೊಡಬೇಕೆಂದುಕೊಂಡಿದ್ದ ಹದಿನೈದನ್ನಲ್ಲ, ಇಡೀ ತೊಂಬತ್ತೈದನ್ನು. ಹೊಲಿಗೆ ಯಂತ್ರದ ಹಲಗೆಯ ಮೇಲಿಟ್ಟ. ತಂಗಿ ಅದನ್ನು ಮುಟ್ಟಲೂ ಇಲ್ಲ, ತಳ್ಳಲೂ ಇಲ್ಲ. ಕಾರ್ಡನ್ನು ಮಾತ್ರ ಅವನ ಕೈಯಿಂದ ತೆಗೆದುಕೊಂಡು ಎರಡಾಗಿ ಮಡಚಿದಳು.

"ಇವರಿಗೆ ಹೇಳಬೇಡ" ಎಂದಳು ಮೆಲ್ಲಗೆ. "ನಿನ್ನ ಮೇಲಿನ ಮರ್ಯಾದೆಗಲ್ಲ. ಏಳುನೂರು ಅಂತ ಗೊತ್ತಾದ್ರೆ ಆ ಜೀವ ತಡಕೊಳ್ಳಲ್ಲ. ದುಡ್ಡು ತಗೊಂಡು ಹೋಗಣ್ಣ. ಮತ್ತೆ ಬರಬೇಡ. ಸ್ವಲ್ಪ ವರ್ಷ ಬರಬೇಡ."

ಅವನು ಸ್ಟೂಲಿನಿಂದ ಎದ್ದ. ಅಷ್ಟರಲ್ಲಿ ಒಳಗೆ ರೇಡಿಯೋ ನಿಂತಿತು. ಭಾವ ಒಂದು ಕೈ ಗೋಡೆಗೆ ಆನಿಸಿ, ಇನ್ನೊಂದರಲ್ಲಿ ನೀರಿನ ಲೋಟ ಹಿಡಿದು ಹೊರಗೆ ಬಂದ.

"ಬಂದು ಎಷ್ಟೊತ್ತಾಯ್ತು ಭಾವ? ಇವಳು ಒಂದು ಲೋಟ ನೀರೂ ಕೊಟ್ಟಿಲ್ಲ ಅಂತ ಕಾಣುತ್ತೆ" ಎಂದು ನಗುತ್ತಾ ಲೋಟ ಚಾಚಿದ. ಅವನ ಕೈ ಇನ್ನೊಂದು ಮೊಳ ದೂರದಲ್ಲೇ, ಯಾರೂ ಇಲ್ಲದ ಕಡೆ, ಗಾಳಿಯಲ್ಲಿ ನಿಂತಿತು. ಪರ್ಸೆಂಟ್ ಬಗ್ಗಿ, ಎರಡೂ ಕೈ ಮುಂದೆ ಚಾಚಿ ಆ ಲೋಟ ಹಿಡಿದುಕೊಂಡ.

"ಲೆಕ್ಕ ಏನು ಬಂತು ಭಾವ? ತುಂಬ ಹೋಯ್ತಾ ನಮ್ಮದು?"

ಪರ್ಸೆಂಟ್ ತಂಗಿಯ ಕಡೆ ನೋಡಿದ. ಅವಳು ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸುತ್ತಿದ್ದಳು.

"ಇಲ್ಲ ಭಾವ" ಎಂದ. "ಒಂದೂವರೆ ಚಿಲ್ಲರೆ. ಅಷ್ಟೇನೂ ಹೋಗಿಲ್ಲ."

ಅದು ಅವನು ಜೀವಮಾನದಲ್ಲಿ ಹೇಳಿದ ಮೊದಲ ತಪ್ಪು ಲೆಕ್ಕ. ಭಾವ ದೊಡ್ಡದಾಗಿ ಉಸಿರುಬಿಟ್ಟು, "ಸದ್ಯ! ನೀವು ಹೇಳಿದ ಮೇಲೆ ಮುಗೀತು" ಎಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ತಂಗಿ ಯಂತ್ರ ತುಳಿಯತೊಡಗಿದಳು. ಪರ್ಸೆಂಟ್ ನೀರು ಕುಡಿದು, ಲೋಟವನ್ನು ಕೆಳಗಿಟ್ಟು, ದುಡ್ಡನ್ನು ಜೇಬಿಗೆ ಹಾಕಿಕೊಂಡು ಹೊರಟ.